ಮೂವತ್ತೆಂಟು ರೂಪಾಯಿಗೆ ಯಾರೂ ನಿಂತಿರಲಿಲ್ಲ

ಗಂಡನನ್ನು ಮಣ್ಣು ಮಾಡಿ ಹನ್ನೆರಡು ದಿನಕ್ಕೆ, ಮೊದಲ ಸಲ, ಮನೆಯಲ್ಲಿ ಯಾರೂ ಅಳದ ಬೆಳಗಾಯಿತು. ನೆಂಟರು ಹಿಂದಿನ ದಿನವೇ ಹೋಗಿದ್ದರು. ಅತ್ತೆ ಗಾಳೆಮ್ಮ ಹಾಲಿಗೆ ನೀರು ಬೆರೆಸಿದ್ದಕ್ಕೆ ಹಾಲಿನವಳ ಜೊತೆ ಜಗಳ ತೆಗೆದಳು. ನಾನು ಅಂಗಳ ಗುಡಿಸಿದೆ. ಹೈದರಾಬಾದಿನ ಉರ್ದು ಪತ್ರಿಕೆ ಎಂದಿನಂತೆ ಬಂತು. ಚಂದಾ ಇನ್ನೂ ನನ್ನ ಗಂಡ ಬಾಲಪ್ಪನ ಹೆಸರಿನಲ್ಲೇ ಇತ್ತು.

ಬಾಲಪ್ಪ ಲಿಂಗಸುಗೂರು ಕಚೇರಿಯ ಮುಂದೆ ಅರ್ಜಿ ಬರೆಯುತ್ತಿದ್ದ. ನಾನು ಹೈದರಾಬಾದಿನಲ್ಲಿ ಬಿ.ಎ. ಓದಿದವಳು. ಪತ್ರಿಕೆಯನ್ನು ನಾನು ಓದಿ ಹೇಳುತ್ತಿದ್ದೆ, ಅವನು ರೊಟ್ಟಿ ತಿನ್ನುತ್ತ ಕೇಳುತ್ತಿದ್ದ. ಆ ಬೆಳಿಗ್ಗೆ ಕೊನೆಯ ಪುಟ ತೆಗೆದೆ. ವಾರಕ್ಕೊಮ್ಮೆ ಅಲ್ಲಿ ಕಂಪನಿಗಳ ಷೇರಿನ ದರ ಹಾಕುತ್ತಾರೆ. ಕೆಳಗಿನ ಸಾಲಿನಲ್ಲಿ ಮಸ್ಕಿ ಹತ್ತಿ ಗಿರಣಿ: ಮೂವತ್ತೆಂಟು ರೂಪಾಯಿ, ಹೈದರಾಬಾದಿನ ಹಾಲಿ ಸಿಕ್ಕಾ ನಾಣ್ಯದಲ್ಲಿ. ನಾಲ್ಕು ತಿಂಗಳಿನಿಂದ ಅದೇ ಮೂವತ್ತೆಂಟು.

ಹತ್ತು ಗಂಟೆಯ ಬಸ್ಸಿಗೆ ಗೌಸ್‌ಸಾಬ್ ಬಂದರು. ಮಸ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಕಟ್ಟೆಯ ಮೇಲೆ ಕೂತು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

“ಚಾಚಾ, ಕಾಗದದ ಸಲುವಾಗಿ ಬಂದೀರಿ,” ಎಂದೆ.

“ಇಲ್ಲ ಬೇಟಿ. ಸುಮ್ಮನೆ ನೋಡಿ ಹೋಗಾಕ ಬಂದೀನಿ.”

“ಅವರು ಬರದು ಕೊಟ್ಟ ಚೀಟಿ ತಂದೀರೇನು?”

ಅವರು ಅಂಗಿಯ ಒಳಜೇಬಿನಿಂದ ಒಂದು ಚೀಟಿ ತೆಗೆದರು. ಬಾಲಪ್ಪನ ಅಕ್ಷರ. ‘ಗಿರಣಿ ಷೇರು ಇಪ್ಪತ್ತು, ನಂಬರು ೧೪೬೧ರಿಂದ ೧೪೮೦, ಕೈಗಡ ತಗೊಂಡಿದ್ದೇನೆ. ಬಹಮನ್ ಹದಿನೈದರೊಳಗೆ ಷೇರುಗಳನ್ನೇ ಹಿಂದಿರುಗಿಸುತ್ತೇನೆ.’

ಹೈದರಾಬಾದಿನ ಸರಕಾರಿ ಪಂಚಾಂಗದ ಬಹಮನ್ ತಿಂಗಳ ಹದಿನೈದಕ್ಕೆ ಗಿರಣಿಯವರು ಷೇರುದಾರರ ಪುಸ್ತಕ ಮುಚ್ಚುತ್ತಾರೆ. ಅಂದು ಯಾರ ಹೆಸರು ಪುಸ್ತಕದಲ್ಲಿದೆಯೋ ಅವರಿಗೆ ಆ ವರ್ಷದ ಲಾಭಾಂಶ, ಷೇರಿಗೆ ಮೂರು ರೂಪಾಯಿ. ಗೌಸ್‌ಸಾಬರಿಗೆ ಅರವತ್ತು ರೂಪಾಯಿ ಬಂದರೆ ವರ್ಷದ ಜೋಳ. ಬೇರೆ ಆದಾಯವಿಲ್ಲ.

“ರೊಕ್ಕ ಕೊಟ್ಟರ ಆಗಂಗಿಲ್ಲೇನು?” ಅತ್ತೆ ಒಳಗಿನಿಂದ ಕೇಳಿದಳು.

“ರೊಕ್ಕ ಖರ್ಚಾಗಿ ಹೋಗ್ತೈತಿ ಗಾಳೆಮ್ಮ. ಕಾಗದ ಇದ್ದರ ವರ್ಷಾ ಬರ್ತೈತಿ. ಬಾಲಪ್ಪಗೂ ಹಂಗಽ ಹೇಳಿದ್ದೆ.” ಚೀಟಿ ಮಡಚುತ್ತ, “ಅವನ ಜೀವಾನ ಹೋಗ್ಯೈತಿ. ನಾ ಏನು ಕೇಳಲಿ?” ಎಂದರು.

ಹದಿನೈದಕ್ಕೆ ಇನ್ನೂ ಇಪ್ಪತ್ತಾರು ದಿನವಿತ್ತು. ತಂದುಕೊಡುತ್ತೇನೆ ಎಂದೆ. ಮನೆಯಲ್ಲಿದ್ದದ್ದು ತೊಂಬತ್ತು ರೂಪಾಯಿ.

ಆಗಿದ್ದು ಇಷ್ಟು. ಬಾಲಪ್ಪನ ಹೊಟ್ಟೆಯಲ್ಲಿ ಬಾವು ಎದ್ದಿತ್ತು. ಸಿಕಂದರಾಬಾದಿಗೆ ಒಯ್ದು ಕೊಯ್ಯಿಸಿ, ಏಳುನೂರೈವತ್ತು ಹಿಡಿಯುತ್ತದೆ ಎಂದು ರಾಯಚೂರಿನ ಡಾಕ್ಟರು ಹೇಳಿದರು. ಬಾಲಪ್ಪ ಪತ್ರಿಕೆ ನೋಡಿ ಲೆಕ್ಕ ಹಾಕಿದ. ಇಪ್ಪತ್ತು ಷೇರು, ಮೂವತ್ತೆಂಟರಂತೆ ಏಳುನೂರಾ ಅರವತ್ತು. ಲೆಕ್ಕವನ್ನು ನಾನೂ ನೋಡಿ ಸರಿ ಎಂದೆ. ಗುಣಾಕಾರ ಸರಿಯಿತ್ತು. ಗೌಸ್‌ಸಾಬರಿಂದ ಷೇರು ಕೈಗಡ ತಂದು, ಲಿಂಗಸುಗೂರಿನ ದಲ್ಲಾಳಿ ಮೈಲಾರಲಿಂಗಪ್ಪನ ಅಂಗಡಿಗೆ ಹೋದ. ಈ ಸೀಮೆಯಲ್ಲಿ ಗಿರಣಿ ಷೇರು ಕೊಳ್ಳುವವನೂ ಮಾರುವವನೂ ಅವನೊಬ್ಬನೇ. ಅವನು ಇಪ್ಪತ್ತೇಳರಂತೆ ಐನೂರಾ ನಲವತ್ತು ಕೊಟ್ಟ. ಉಳಿದದ್ದನ್ನು ಹೊಂದಿಸಲು ನಮಗೆ ಹನ್ನೊಂದು ದಿನ ಹಿಡಿಯಿತು. ನನ್ನ ಬಳೆ ಹೋದವು. ಸಿಕಂದರಾಬಾದಿನ ಡಾಕ್ಟರು ತಡವಾಗಿ ತಂದಿದ್ದೀರಿ ಎಂದರು. ಕೊಯ್ದ ಮೂರನೆಯ ದಿನ ಹೋದ. ಹೆಣ ತಂದದ್ದು ರಾಯಚೂರಿನ ತನಕ ರೈಲಿನಲ್ಲಿ, ಅಲ್ಲಿಂದ ಲಾರಿಯಲ್ಲಿ.

ಗೌಸ್‌ಸಾಬ್ ಬಂದುಹೋದ ಮರುದಿನ ನಾನು ದಲ್ಲಾಳಿಯ ಅಂಗಡಿಗೆ ಹೋದೆ.

ಮೈಲಾರಲಿಂಗಪ್ಪ ದಪ್ಪನೆಯ, ಮೆತ್ತನೆಯ ಮಾತಿನ ಮನುಷ್ಯ. ನನ್ನನ್ನು ಕಂಡು ಎದ್ದು ನಿಂತು, “ಬಾರವ್ವ ತಂಗಿ. ಭಾಳ ಕೆಟ್ಟ ಆತು,” ಎಂದ. ಗುಮಾಸ್ತನನ್ನು ನೀರು ತರಲು ಕಳಿಸಿದ.

“ಗಿರಣಿ ಷೇರು ಇಪ್ಪತ್ತು ಬೇಕಾಗ್ಯಾವ್ರಿ. ದರ ಹೇಳ್ರಿ.”

“ಬೇಕಾಗ್ಯಾವ?” ಅವನ ಹುಬ್ಬು ಏರಿತು. “ಈಗ ಸಿಗೂದು ಕಷ್ಟ ತಂಗಿ. ಐದು ಬೇಕಂದ್ರ ನಲವತ್ತಾರಕ್ಕ ಹುಡುಕಿ ಕೊಡ್ತೀನಿ. ಅದರ ಮ್ಯಾಲಿನ ಐದಕ್ಕ ಐವತ್ತು. ಕಡೀ ಹತ್ತಕ್ಕ ಐವತ್ತೈದರ ಕೆಳಗ ಯಾರೂ ಕೈ ಬಿಡಂಗಿಲ್ಲ.”

ಮನಸ್ಸಿನಲ್ಲೇ ಕೂಡಿದೆ. ಸಾವಿರದ ಮೂವತ್ತು. ಬಾಲಪ್ಪನಿಗೆ ಅವನು ಕೊಟ್ಟದ್ದು ಐನೂರಾ ನಲವತ್ತು.

“ಪತ್ರಿಕೆಯೊಳಗ ಮೂವತ್ತೆಂಟು ಐತಿ.”

ಅವನು ನಕ್ಕ. ಕೆಟ್ಟ ನಗೆಯಲ್ಲ, ಪಾಠ ಹೇಳುವವನ ನಗೆ. “ತಂಗಿ, ನೀ ಓದಿದಾಕಿ. ಮೂವತ್ತೆಂಟು ಅಂದ್ರ ನಾಕು ತಿಂಗಳ ಹಿಂದ ಯಾರೋ ಒಬ್ಬಾವ ಐದು ಷೇರು ಮಾರಿದ ದರ. ಆಮ್ಯಾಲ ವ್ಯಾಪಾರಾನ ಆಗಿಲ್ಲ, ಅದಕ್ಕ ಅದಽ ಅಚ್ಚಾಗಾಕತ್ತೈತಿ. ಆ ದರಕ್ಕ ಅಲ್ಲಿ ಯಾರೂ ನಿಂತಿಲ್ಲ. ಕೊಡಾವನೂ ಇಲ್ಲ, ತಗೊಳಾವನೂ ಇಲ್ಲ.”

“ನೀವು ತಗೊಳ್ಳೋದು ಇಪ್ಪತ್ತೇಳಕ್ಕ, ಕೊಡೋದು ನಲವತ್ತಾರಕ್ಕ. ನಡುವಿಂದು?”

“ನಡುವಿಂದು ನನ್ನ ಹೊಟ್ಟಿ.” ಎಂದು ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡ. “ಹೈದರಾಬಾದಿನ ದೊಡ್ಡ ಕಂಪನಿ ಷೇರಿಗೆ ದಿನಾ ನೂರು ಮಂದಿ ಬರ್ತಾರ. ತಗೊಂಡದ್ದು ಅರ್ಧ ತಾಸಿನ್ಯಾಗ ಹೋಗ್ತೈತಿ, ಅಲ್ಲಿ ಎಂಟಾಣೆ ಇಟ್ಟುಕೊಂಡರ ಸಾಕು. ಇದು ಹಂಗಲ್ಲ. ಇವತ್ತು ನಾ ತಗೊಂಡೆ ಅಂದ್ರ ಮುಂದಿನಾವ ಬರೂದು ಆರು ತಿಂಗಳಿಗೋ ವರ್ಷಕ್ಕೋ. ಅಲ್ಲೀತನಕ ನನ್ನ ರೊಕ್ಕ ಕಾಗದ ಆಗಿ ಕುಂತಿರ್ತೈತಿ. ಅಷ್ಟರಾಗ ಗಿರಣಿ ಸುಟ್ಟು ಹೋದ್ರ? ಮಾರಾಕ ಬಂದಾವಗ ಗಿರಣಿ ಒಳಗಿನ ಸುದ್ದಿ ಗೊತ್ತಿದ್ದು ನನಗ ಗೊತ್ತಿಲ್ಲ ಅಂದ್ರ? ಅದಕ್ಕೆಲ್ಲಾ ಸೇರಿಸಿ ಕೆಳಗ ತಗೋತೀನಿ. ಇದರಾಗ ಮೋಸ ಏನೈತಿ?”

ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿದವರು ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಅವನ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ನೀರು ಕುಡಿದು ಎದ್ದು ಬಂದೆ. ಅಂದು ನನಗೆ ಅವನ ಮೇಲೆ ಸಿಟ್ಟಿರಲಿಲ್ಲ. ಯಾವುದೂ ಇರಲಿಲ್ಲ.

ಸಿಂಧನೂರಿನ ಹತ್ತಿ ವ್ಯಾಪಾರಿ ಖಾದರಬಾಷಾ ಬಳಿ ಗಿರಣಿ ಷೇರು ಬಹಳ ಇವೆ ಎಂದು ಗೌಸ್‌ಸಾಬ್ ಹೇಳಿದ್ದರು. ದಲ್ಲಾಳಿಗಿಂತ ಕಡಿಮೆಗೆ ಕೊಟ್ಟಾನೇನೋ ಎಂದು ಆ ವಾರವೇ ಹೋದೆ. ಅವನ ಅಂಗಳದಲ್ಲಿ ಹತ್ತಿಯ ಅಂಡಿಗೆಗಳನ್ನು ತೂಗುತ್ತಿದ್ದರು. ನಲವತ್ತರ ಪ್ರಾಯದ, ಉತ್ಸಾಹದ ಮನುಷ್ಯ. ಬಾಲಪ್ಪ ಅವನಿಗೂ ಒಮ್ಮೆ ಅರ್ಜಿ ಬರೆದುಕೊಟ್ಟಿದ್ದನಂತೆ.

“ಮಾರೂದಾ? ನಾ ಕೂಡಿಸಾಕತ್ತೀನಿ ಬೆಹನ್‌ಜಿ! ನೂರು ಷೇರು ಇದ್ದರ ಗಿರಣಿ ಡೈರೆಕ್ಟರ್ ಆಗಾಕ ಬರ್ತೈತಿ. ಎಪ್ಪತ್ತು ಆಗ್ಯಾವ. ನೋಡ್ರಿ, ನೋಡ್ರಿ.” ಕಬ್ಬಿಣದ ಪೆಟ್ಟಿಗೆಯಿಂದ ಕಟ್ಟು ತೆಗೆದು, ಮದುವೆಯ ಸೀರೆ ತೋರಿಸುವಂತೆ ಒಂದೊಂದಾಗಿ ಹರಡಿದ.

ಅವುಗಳ ನಡುವೆ ನಾಲ್ಕು ಪತ್ರ ಗೌಸ್‌ಸಾಬರವು, ತಲಾ ಐದು ಷೇರು. ನಂಬರು ೧೪೬೧ರಿಂದ ೧೪೮೦.

“ಇವು ಯಾವಾಗ ಬಂದವು?”

“ಇವಾ? ಮೈಲಾರಲಿಂಗಪ್ಪ ಕಳಿಸಿದ್ದು.” ಪತ್ರಕ್ಕೆ ಚುಚ್ಚಿದ್ದ ಬಿಲ್ಲು ನೋಡಿದ. ತಾರೀಖು ಹೇಳಿದ. ಬಾಲಪ್ಪ ಮಾರಿದ ಮರುದಿನ. ದರ ನಲವತ್ತನಾಲ್ಕು.

“ಮರುದಿನಾನ ನೀವು ತಗೊಂಡಿರೇನು?”

“ನಾ ಅದಕ್ಕೂ ಹದಿನೈದು ದಿನ ಮೊದಲಽ ಬರದು ಕೊಟ್ಟಿದ್ದೆ. ನಲವತ್ತನಾಲ್ಕರ ತನಕ ಎಷ್ಟು ಬಂದರೂ ನನಗಽ ಅಂತ. ಪಾಪ, ಬಂದ ಕೂಡಲೇ ಕಳಿಸಿದ.”

ಹೊರಗೆ ತಕ್ಕಡಿಯ ಸರಪಳಿ ಸದ್ದು ಮಾಡುತ್ತಿತ್ತು. ಬಾಲಪ್ಪ ಹೊಟ್ಟೆ ಹಿಡಿದುಕೊಂಡು ಮೈಲಾರಲಿಂಗಪ್ಪನ ಅಂಗಡಿಯ ಮುಂದೆ ನಿಂತಾಗ, ಕೊಳ್ಳುವವನ ಚೀಟಿ ದಲ್ಲಾಳಿಯ ಪೆಟ್ಟಿಗೆಯಲ್ಲೇ ಇತ್ತು. ಕಾಯುವ ಆರು ತಿಂಗಳು ಇರಲಿಲ್ಲ. ಸುಡುವ ಗಿರಣಿ ಇರಲಿಲ್ಲ. ಒಂದು ರಾತ್ರಿ ಇತ್ತು. ಆ ಒಂದು ರಾತ್ರಿಗೆ ಅವನು ಮುನ್ನೂರಾ ನಲವತ್ತು ತೆಗೆದುಕೊಂಡ. ಆಸ್ಪತ್ರೆಗೆ ನಮಗೆ ಕಡಿಮೆ ಬಿದ್ದದ್ದು ಇನ್ನೂರಾ ಹತ್ತು.

ಇನ್ನೂರಾ ಹತ್ತು ರೂಪಾಯಿ ಬಾಲಪ್ಪನನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ. ಹನ್ನೊಂದು ದಿನ ಎಂದಷ್ಟೇ ಹೇಳುತ್ತೇನೆ.

“ಉಳಿದ ಮೂವತ್ತು?” ಎಂದು ಕೇಳಿದೆ.

“ಅವೂ ಆತು ಅಂತಽ ತಿಳೀರಿ. ಬಹಮನ್ ಹದಿನೈದರೊಳಗ ಮೂವತ್ತು ತಂದು ಕೊಡ್ತೀನಿ ಅಂತ ಅವ ಸ್ಟಾಂಪ್ ಕಾಗದದ ಮ್ಯಾಲೆ ಬರದು ಕೊಟ್ಟಾನ. ನಲವತ್ತೆಂಟರಂಗ. ಕೊಡದಿದ್ರ ಆರನೂರು ಜುರ್ಮಾನೆ.” ಕಾಗದವನ್ನೂ ತೋರಿಸಿದ. “ನಿಮ್ಮ ಕಡೆ ಇದ್ದರ ಹೇಳ್ರಿ ಬೆಹನ್‌ಜಿ, ನಡುವ ದಲ್ಲಾಳಿ ಯಾಕ? ನಲವತ್ತೆಂಟು ನಿಮಗಽ ಕೊಡ್ತೀನಿ.”

ನನ್ನ ಬಳಿ ಇಲ್ಲ ಎಂದೆ. ಅದು ನಿಜವಾಗಿತ್ತು.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಮೈಲಾರಲಿಂಗಪ್ಪನ ಕೈಯಲ್ಲಿ ಒಂದೂ ಷೇರಿಲ್ಲ. ಇದ್ದಿದ್ದರೆ ನಲವತ್ತೆಂಟಕ್ಕೆ ಎಂದೋ ಕೊಟ್ಟು ರಶೀದಿ ಪಡೆಯುತ್ತಿದ್ದ. ಇಲ್ಲದ್ದನ್ನು ಮಾರಿದ್ದಾನೆ. ಗಿರಣಿಯ ಎರಡು ಸಾವಿರ ಷೇರಿನಲ್ಲಿ ಮುಕ್ಕಾಲು ಪಾಲು ಮಾಲೀಕರ ಮನೆಯಲ್ಲೇ ಇವೆ. ಅವರು ಮಾರುವುದಿಲ್ಲ, ಖಾದರಬಾಷಾ ಡೈರೆಕ್ಟರ್ ಆಗುವುದು ಅವರಿಗೆ ಬೇಕಿಲ್ಲ. ಉಳಿದವು ಎಲ್ಲೆಲ್ಲೋ ಚದುರಿ ಹೋಗಿವೆ, ಯಾರೂ ಹೊರತೆಗೆಯುವುದಿಲ್ಲ. ಸುಲಭವಾಗಿ ಸಿಗುವುದು ಒಂದೇ ಕಡೆ, ಮಸ್ಕಿಯಲ್ಲಿ ಗಿರಣಿಯ ಹಿಂದಿನ ಓಣಿ. ಎರಡು ವರ್ಷ ಇನಾಮು ಕೊಡಲು ರೊಕ್ಕವಿಲ್ಲದಾಗ ಕಂಪನಿ ಕೆಲಸದವರಿಗೆ ಷೇರು ಹಂಚಿತ್ತು. ಆ ಓಣಿಯಲ್ಲಿ ಒಂದು ರೂಢಿಯಿದೆ. ವರ್ಗಾವಣೆ ಕಾಗದಕ್ಕೆ ಮೊದಲೇ ಹೆಬ್ಬೆಟ್ಟು ಒತ್ತಿಸಿ, ಕೊಳ್ಳುವವನ ಹೆಸರಿನ ಜಾಗ ಖಾಲಿ ಬಿಟ್ಟು, ಷೇರು ಪತ್ರದ ಜೊತೆ ಗಡಿಗೆಯಲ್ಲಿ ಇಟ್ಟಿರುತ್ತಾರೆ. ರೊಕ್ಕ ಬೇಕಾದ ದಿನ ದಲ್ಲಾಳಿಯ ಕೈಗೆ ಕೊಟ್ಟರಾಯಿತು. ಹೋದಾಗಲೆಲ್ಲ ಇಪ್ಪತ್ತೇಳಕ್ಕೆ ಸಿಗುತ್ತವೆ ಎಂಬ ಧೈರ್ಯದ ಮೇಲೆ ಮೈಲಾರಲಿಂಗಪ್ಪ ಆ ಸ್ಟಾಂಪ್ ಕಾಗದ ಬರೆದುಕೊಟ್ಟಿದ್ದ. ಹತ್ತಿ ಸುಗ್ಗಿಯ ದಲ್ಲಾಳಿಕೆಯಲ್ಲಿ ಮುಳುಗಿ ಇನ್ನೂ ಮಸ್ಕಿಗೆ ಹೋಗಿರಲಿಲ್ಲ.

ನಾನು ಹೋದೆ.

ಮೊದಲ ಮನೆ ಮಾರೆಮ್ಮನದು. ಗಿರಣಿಯಲ್ಲಿ ಹತ್ತಿ ಆರಿಸುವವಳು. ಅವಳ ಬಳಿ ಆರು ಷೇರಿದ್ದವು. ಅವಳ ಮಗನ ಜಮೀನಿನ ಅರ್ಜಿಯನ್ನು ಬಾಲಪ್ಪ ರೊಕ್ಕ ಮುಟ್ಟದೆ ಬರೆದುಕೊಟ್ಟಿದ್ದ.

“ದಲ್ಲಾಳಿ ಇಪ್ಪತ್ತೇಳು ಕೊಡ್ತಾನ,” ಎಂದಳು.

“ನಾ ನಲವತ್ತು ಕೊಡ್ತೀನಿ. ಆದ್ರ ಇವತ್ತಲ್ಲ. ಬಹಮನ್ ಹದಿನಾಕಕ್ಕ. ಕೊಡಾಕ ಆಗಲಿಲ್ಲಂದ್ರ ಕಾಗದ ವಾಪಸು.”

“ಕೈಯಾಗ ರೊಕ್ಕ ಇಲ್ದನ ವ್ಯಾಪಾರಕ್ಕ ಬಂದೀಯೇನಬೇ?”

“ಹೌದು.”

ಅವಳು ನನ್ನ ಬರಿಗೈ ನೋಡಿದಳು, ಹಣೆ ನೋಡಿದಳು. “ನಲವತ್ತಕ್ಕ ತಗೊಂಡು ಏನು ಮಾಡ್ತಿ?”

“ಮೈಲಾರಲಿಂಗಪ್ಪಗ ಮಾರ್ತೀನಿ.”

ಮಾರೆಮ್ಮ ಬಾಯಿ ತೆರೆದು ನಕ್ಕಳು. ಮುಂದಿನ ಹಲ್ಲು ಎರಡಿರಲಿಲ್ಲ. “ಅವಗ ಮಾರ್ತೀಯಾ? ಆ ಬಾಡ್ಯಾ ಯಾರ ಕಡಿಂದನೂ ನಲವತ್ತಕ್ಕ ತಗೊಂಡದ್ದು ನಾ ನೋಡಿಲ್ಲ. ತಗೋ, ಒಯ್ಯಿ. ಅವನ ಮಾರಿ ಹೆಂಗ ಆತು ಅಂತ ಬಂದು ಹೇಳು, ಅಷ್ಟಽ.” ಗಡಿಗೆಯಲ್ಲಿ ಕೈ ಹಾಕಿದಳು.

ನಂಬರು ಬರೆದು ರಶೀದಿ ಕೊಟ್ಟೆ. ಮಾರೆಮ್ಮ ನನ್ನ ಜೊತೆ ಬಾಗಿಲಿಂದ ಬಾಗಿಲಿಗೆ ಬಂದಳು. ನಾಲ್ಕು ದಿನದಲ್ಲಿ ಹನ್ನೊಂದು ಮನೆಯಿಂದ ಐವತ್ತು ಷೇರು ಬಂದವು. ಓಣಿಯಲ್ಲಿ ಉಳಿದದ್ದು ಐದು. ಅದರ ಯಜಮಾನ ಮಗಳ ಬಾಣಂತನಕ್ಕೆ ಬಳ್ಳಾರಿಗೆ ಹೋಗಿದ್ದ.

ಆಮೇಲೆ ಕಾದೆ. ಅಡುಗೆ ಮಾಡಿದೆ. ಅತ್ತೆಗೆ ಎಣ್ಣೆ ಹಚ್ಚಿದೆ. ಬಹಮನ್ ಒಂಬತ್ತಕ್ಕೆ ಮೈಲಾರಲಿಂಗಪ್ಪ ಮಸ್ಕಿಗೆ ಹೋದನೆಂದು ಸುದ್ದಿ ಬಂತು. ಮೊದಲ ಮನೆಯಲ್ಲಿ ಇಪ್ಪತ್ತೇಳು ಎಂದನಂತೆ, ಆರನೆಯ ಮನೆಯಲ್ಲಿ ಮೂವತ್ತೈದು, ಕೊನೆಯ ಮನೆಯಲ್ಲಿ ನಲವತ್ತೆರಡು. ಎಲ್ಲ ಮನೆಯಲ್ಲೂ ನನ್ನ ರಶೀದಿ ತೋರಿಸಿದರಂತೆ.

ಹನ್ನೆರಡರ ಬೆಳಿಗ್ಗೆ ಅವನೇ ನಮ್ಮ ಮನೆಗೆ ಬಂದ. ಅತ್ತೆ ಚಾಪೆ ಹಾಸಲಿಲ್ಲ.

“ತಂಗಿ, ಷೇರು ನಿನ್ನ ಕಡೆ ಅದಾವಂತ.”

“ಅದಾವ್ರಿ.”

“ನಿನಗ್ಯಾಕ ಈ ಉಸಾಬರಿ? ಮೂವತ್ತು ಷೇರು ಕೊಡು. ಪೇಪರಿನ ರೇಟ್ ಮೂವತ್ತೆಂಟು ಐತಿ. ರೊಕ್ಡಾ ಕೊಡ್ತೀನಿ.”

“ಆ ದರಕ್ಕ ಅಲ್ಲಿ ಯಾರೂ ನಿಂತಿಲ್ಲರಿ.”

“ಆತು. ನಲವತ್ತೆಂಟು. ನನಗೊಂದು ಪೈ ಬ್ಯಾಡ.”

“ನೀವು ನನಗ ಮಾರೂದಾದ್ರ ಇಪ್ಪತ್ತೇಳಕ್ಕ ತಗೋತೀನಿ. ನನ್ನಿಂದ ತಗೊಳ್ಳೂದಾದ್ರ ಅರವತ್ತೇಳು. ಮೂವತ್ತೂ ಕೂಡೇ.”

“ಅರವತ್ತೇಳು!” ಅವನ ಧ್ವನಿ ಏರಿತು. “ಹುಚ್ಚು ಹಿಡದೈತೇನು? ಯಾವ ದೇಶದ ದರ ಇದು?”

“ನಡುವಿಂದು ನನ್ನ ಹೊಟ್ಟಿ.”

ಬಾಗಿಲ ಮರೆಯಿಂದ ಅತ್ತೆ, “ಕೂಗಬ್ಯಾಡೋ. ನನ್ನ ಮಗ ನಿನ್ನ ಅಂಗಡ್ಯಾಗ ಕೂಗಿದ್ದನೇನು?” ಎಂದಳು.

ಅವನು ದನಿ ತಗ್ಗಿಸಿದ. ಐವತ್ತೆಂದ, ಐವತ್ತೈದೆಂದ. ಹೆಣ್ಣುಮಗಳು ವ್ಯಾಪಾರಕ್ಕೆ ಇಳಿದರೆ ಊರು ಏನನ್ನುತ್ತದೆ ಎಂದ. ನಾನು ದರ ಬದಲಿಸಲಿಲ್ಲ. ಅವನು ಬೆರಳುಗಳ ಗೆಣ್ಣು ಎಣಿಸತೊಡಗಿದ. ಮೂವತ್ತನ್ನು ಅರವತ್ತೇಳಕ್ಕೆ ಕೊಂಡು ನಲವತ್ತೆಂಟಕ್ಕೆ ಕೊಟ್ಟರೆ ಐನೂರಾ ಎಪ್ಪತ್ತು ನಷ್ಟ. ಕೊಡದಿದ್ದರೆ ಆರುನೂರು ಜುರ್ಮಾನೆ. ಎಣಿಸುತ್ತಿದ್ದ ಬೆರಳು ನಿಂತಿತು. ಮುಖ ಮೇಲೆತ್ತಿ ನನ್ನನ್ನು ನೋಡಿದ.

“ಖಾದರಬಾಷಾ ಕಾಗದ ತೋರಿಸ್ಯಾನ.”

“ತೋರಿಸ್ಯಾರ.”

“ಮೂವತ್ತು ರೂಪಾಯಿ ಬಿಟ್ಟೀಯಲ್ಲ, ಯಾಕ? ಅದನ್ನೂ ತಗೊ.”

“ಪೂರ್ತಿ ತಗೊಂಡರ ನೀವು ನನ್ನ ಕಡೆ ಬರ್ತಿದ್ದಿಲ್ಲ. ಜುರ್ಮಾನೆ ಕಟ್ಟಿ ಮನ್ಯಾಗ ಕೂಡತಿದ್ರಿ.” ಆಮೇಲೆ ಕೇಳಿದೆ, “ಅವತ್ತು ನನ್ನ ಗಂಡ ಬಂದಾಗ ಆ ನಲವತ್ತನಾಲ್ಕರ ಚೀಟಿ ನಿಮ್ಮ ಪೆಟಿಗ್ಯಾಗ ಇತ್ತಲ್ರಿ?”

“ಧಂದೇದಾಗ ಯಾರೂ ಅದನ್ನ ಹೇಳಂಗಿಲ್ಲ ತಂಗಿ.”

“ಮೂವತ್ತೆಂಟು ಕೊಟ್ಟಿದ್ದರೂ ನಿಮಗ ಷೇರಿಗೆ ಆರು ರೂಪಾಯಿ ಉಳೀತಿತ್ತು. ಒಂದು ರಾತ್ರಿಗೆ.”

ಅವನ ಕಣ್ಣಲ್ಲಿ ಏನಾದರೂ ಕಾಣಲಿ ಎಂದು ನೋಡುತ್ತಿದ್ದೆ. ಭಯ ಕಂಡಿತು, ಲೆಕ್ಕದ ಭಯ. ಅಷ್ಟೇ ಸಿಕ್ಕಿತು, ಅದನ್ನೇ ತೆಗೆದುಕೊಂಡೆ.

“ನಾಳೆ ಬಂದ್ರ ಅರವತ್ತೇಳು ಇರ್ತೈತಿ ಅಂತ ಹೇಳಂಗಿಲ್ಲರಿ,” ಎಂದೆ.

ಮಧ್ಯಾಹ್ನವೇ ಎರಡು ಸಾವಿರದ ಹತ್ತು ತಂದ. ನಿಂತುಕೊಂಡೇ ಎಣಿಸಿ ಕೊಟ್ಟ. ಷೇರು ಪತ್ರಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ, ನನ್ನ ಮೇಲೆ ನಂಬಿಕೆ ಇಲ್ಲದವನಂತೆ. ಹೋಗುವಾಗ ಹೊಸಿಲು ಎಡವಿದ. ಅತ್ತೆ ನಕ್ಕಳು. ಮಗ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅದು ನನಗೆ ಹಿಡಿಸಿತು.

ಹದಿನಾಲ್ಕಕ್ಕೆ ಮಸ್ಕಿಗೆ ಹೋದೆ. ಐವತ್ತು ಷೇರಿಗೆ ನಲವತ್ತರಂತೆ ಎರಡು ಸಾವಿರ ಹಂಚಿದೆ. ಹತ್ತು ರೂಪಾಯಿ ಉಳಿಯಿತು. ಬಸ್ಸಿಗೆ ಅಷ್ಟೇ ಖರ್ಚಾಗಿತ್ತು. ಮಾರೆಮ್ಮ ತನ್ನ ಇನ್ನೂರಾ ನಲವತ್ತನ್ನು ಸೆರಗಿಗೆ ಗಂಟು ಹಾಕಿ, “ಅವಗ ಎಷ್ಟಕ್ಕ ಕೊಟ್ಟಿ?” ಎಂದಳು.

“ಅರವತ್ತೇಳಕ್ಕ.”

ಗಂಟು ಬಿಗಿಯುತ್ತಿದ್ದ ಕೈ ನಿಂತಿತು. “ನಮ್ಮಿಂದ ನಲವತ್ತಕ್ಕ ತಗೊಂಡು?”

“ಹೌದು.”

“ಅವ ನಿನ್ನ ಗಂಡನ ಕಡಿಂದ ಎಷ್ಟು ತಿಂದಿದ್ದ?”

“ಷೇರಿಗೆ ಹದಿನೇಳು.”

“ನೀ ಇಪ್ಪತ್ತೇಳು.” ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅವನಗಿಂತ ಚಲೋ ದಲ್ಲಾಳಿ ಆಗ್ತಿ ಬಿಡವ್ವ.”

ಸಿಟ್ಟಿತ್ತೋ ಮೆಚ್ಚುಗೆಯಿತ್ತೋ ತಿಳಿಯಲಿಲ್ಲ. ಉಳಿದ ಇಪ್ಪತ್ತು ಷೇರು ಎಲ್ಲಿ ಹೋಗುತ್ತವೆ ಎಂದು ಅವಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅವಳು ಲೆಕ್ಕದಲ್ಲಿ ತಪ್ಪಿರಲಿಲ್ಲ.

ಗೌಸ್‌ಸಾಬರ ಮನೆ ಅದೇ ಓಣಿಯ ಕೊನೆಗೆ. ನಮಾಜು ಮುಗಿಸಿ ಹೊರಗೆ ಬಂದಿದ್ದರು. ಇಪ್ಪತ್ತು ಷೇರಿನ ಪತ್ರಗಳನ್ನೂ ಹೆಬ್ಬೆಟ್ಟಿನ ಕಾಗದಗಳನ್ನೂ ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ನಂಬರು ನೋಡಿದರು.

“ಇವು ನನ್ನವಲ್ಲ ಬೇಟಿ. ಬ್ಯಾರೆ ನಂಬರು.”

“ನಿಮ್ಮವು ಸಿಂಧನೂರಿನ್ಯಾಗ ಅದಾವು ಚಾಚಾ. ಅವು ಬರಂಗಿಲ್ಲ.”

ಅವರು ತಲೆಯಾಡಿಸಿದರು. ಒಂದೊಂದನ್ನೂ ಎಣಿಸಿದರು. ಇಪ್ಪತ್ತು ಸರಿಯಿತ್ತು. ಕೊಳ್ಳುವವನ ಹೆಸರಿನ ಖಾಲಿ ಜಾಗದಲ್ಲಿ ಏನು ಬರೆಯಬೇಕೆಂದು ನನ್ನನ್ನು ಕೇಳಿದರು. ಬಾಲಪ್ಪ ಇದ್ದಿದ್ದರೆ ಅವನೇ ಬರೆಯುತ್ತಿದ್ದ. ಅವರ ಲೆಕ್ಕಣಿಕೆ ತೆಗೆದುಕೊಂಡು, ಪ್ರತಿ ಕಾಗದದ ಮೇಲೂ ಅವರ ಹೆಸರನ್ನು ಉರ್ದುವಿನಲ್ಲೂ ಕನ್ನಡದಲ್ಲೂ ಬರೆದೆ. ಪುಸ್ತಕ ಮುಚ್ಚುವ ಮೊದಲು ಗಿರಣಿ ಆಫೀಸಿಗೆ ಕೊಡಿ ಎಂದೆ. ಅವರು ಒಳಜೇಬಿನಿಂದ ಬಾಲಪ್ಪ ಬರೆದುಕೊಟ್ಟಿದ್ದ ಚೀಟಿ ತೆಗೆದು ನನ್ನ ಕೈಗೆ ಕೊಟ್ಟರು.